ಮಂಕು ಹಿಡಿದ ಬೆಟ್ಟದ ಫೋಟೋ: ಕಾಂಟ್ರಾಸ್ಟ್ ಏರಿಸಿದರೆ ನೀಲಿ ಜಾಸ್ತಿ ಆಗುತ್ತಿದೆ

ಮಳೆಬಿಲ್ಲು: ದೂರದಿಂದ ಜೂಮ್ ಮಾಡಿ ತೆಗೆದ ಫೋಟೋ. ಎದುರಿಗೆ ಮರ ತುಂಬಿದ ಗುಡ್ಡ, ಅದರಲ್ಲೊಂದು ಬೂದು ಬಂಡೆ, ಹಿಂದೆ ಇನ್ನೊಂದು ಬೆಟ್ಟ, ಮೇಲೆ ಮೋಡ. ತೆಳು ಪರದೆ ಎಳೆದ ಹಾಗೆ ಮಂಕಾಗಿದೆ. ಜಿಂಪ್‌ನಲ್ಲಿ ಕಾಂಟ್ರಾಸ್ಟ್, ಸ್ಯಾಚುರೇಶನ್ ಎರಡೂ ಏರಿಸಿದೆ. ಬೆಟ್ಟ ನೀಲಿಯಾಯಿತು, ಮೋಡ ಬರೀ ಬಿಳಿ ಮುದ್ದೆಯಾಯಿತು. ನನ್ನ ಹತ್ತಿರ ಜೆಪೆಗ್ ಮಾತ್ರ ಇದೆ.

ಸಂಜೆಬೆಳಕು: ವೈಟ್ ಬ್ಯಾಲೆನ್ಸ್ ತಪ್ಪಿದೆ, ಅಷ್ಟೆ. ಲೆವೆಲ್ಸ್ ತೆರೆದು ಬಿಳಿ ಡ್ರಾಪರ್‌ನಿಂದ ಮೋಡದ ಮೇಲೆ ಕ್ಲಿಕ್ ಮಾಡಿ.

ಹಳೆಲೆನ್ಸ್: ಬ್ಯಾಲೆನ್ಸ್ ತಪ್ಪಿರುವುದು ನಿಜ. ಆದರೆ ಮೋಡ ಬೇಡ. ಮೂರು ಚಾನೆಲ್‌ನಲ್ಲೂ ಅದು 255 ಮುಟ್ಟಿದ್ದರೆ ಅಲ್ಲಿ ಬಣ್ಣದ ಸುಳಿವೇ ಉಳಿದಿರುವುದಿಲ್ಲ. ಮೂಲ ಫೋಟೋದಲ್ಲಿ `Colors > Levels` ತೆರೆದು ಒಂದೊಂದೇ ಚಾನೆಲ್ ನೋಡಿ. ಗ್ರಾಫ್ ಎಡಗಡೆ ಎಲ್ಲಿಂದ ಏಳುತ್ತದೆ?

ಮಳೆಬಿಲ್ಲು: ಕೆಂಪು 46, ಹಸಿರು 55, ನೀಲಿ 78. ಬಲಗಡೆ ಮೂರೂ 255.

ಹಳೆಲೆನ್ಸ್: ನಿಮ್ಮ ಸಮಸ್ಯೆ ಅಲ್ಲೇ ಇದೆ. ಮರಗಳ ನಡುವಿನ ನೆರಳು ಕಪ್ಪಾಗಿರಬೇಕಿತ್ತು. ಮಧ್ಯದ ಗಾಳಿ ಚದುರಿಸಿದ ಬೆಳಕು ಅದರ ಮೇಲೆ ಬಂದು ಕೂತಿದೆ, ಅದರಲ್ಲಿ ನೀಲಿ ಜಾಸ್ತಿ. ಸುಮ್ನೆ ಸ್ಯಾಚುರೇಶನ್ ಏರಿಸಿದರೆ ಆ ನೀಲಿಯೂ ಜೊತೆಗೆ ಏರುತ್ತದೆ.

ಕಪ್ಪು ಸ್ಲೈಡರನ್ನು ಪ್ರತಿ ಚಾನೆಲ್‌ನಲ್ಲೂ ಬೇರೆಬೇರೆಯಾಗಿ ಎಳೆಯಿರಿ: ಕೆಂಪು 42, ಹಸಿರು 51, ನೀಲಿ 73ರ ಹತ್ತಿರ. ತುದಿಗಿಂತ ಸ್ವಲ್ಪ ಹಿಂದೆಯೇ ನಿಲ್ಲಿಸಿದರೆ ನೆರಳಿನ ವಿವರ ಉಳಿಯುತ್ತದೆ. ಬಿಳಿ ಸ್ಲೈಡರ್ ಮುಟ್ಟಬೇಡಿ. ಈಗ ಫೋಟೋ ಕತ್ತಲಾಗುತ್ತದೆ, ಗಾಬರಿ ಬೇಡ. ಕರ್ವ್ಸ್‌ನಲ್ಲಿ ನಡುವಿನ ಬಿಂದುವನ್ನು ತುಸು ಮೇಲೆತ್ತಿ. ಆಮೇಲೂ ಬಣ್ಣ ವಾಲಿದ್ದರೆ ಬೂದು ಡ್ರಾಪರ್‌ನಿಂದ ಎದುರಿನ ಬಂಡೆಯ ಮೇಲೆ ಕ್ಲಿಕ್ ಮಾಡಿ.

ಕಪ್ಪುಬಿಳುಪು: ಹಳದಿ ದೀಪದ ಕೋಣೆಯಲ್ಲಿ ತೆಗೆದ ನನ್ನ ಫೋಟೋಗೆ ಹೀಗೇ ಮಾಡಿದೆ. ಮುಖ ನೇರಳೆಯಾಯಿತು!

ಹಳೆಲೆನ್ಸ್: ಅದರಲ್ಲಿ ನಿಜವಾದ ಕಪ್ಪು ವಸ್ತು ಇತ್ತಾ? ಇಲ್ಲದಿದ್ದರೆ ಗ್ರಾಫಿನ ಎಡ ತುದಿ ವಸ್ತುವಿನದೇ ಬಣ್ಣ ತೋರಿಸುತ್ತದೆ. ಅದನ್ನು ಕಪ್ಪು ಮಾಡಲು ಹೋದರೆ ಉಳಿದ ಬಣ್ಣಗಳೆಲ್ಲ ಕೆಡುತ್ತವೆ. ನಿಮ್ಮದಕ್ಕೆ ಬೂದು ಡ್ರಾಪರ್ ಸಾಕಾಗಬಹುದು.

ಮಳೆಬಿಲ್ಲು: ಎದುರಿನ ಗುಡ್ಡ ಜೀವ ಬಂದ ಹಾಗಿದೆ, ತುಂಬಾ ಥ್ಯಾಂಕ್ಸ್! ಬಂಡೆಯ ಮೇಲೆ ಕ್ಲಿಕ್ ಮಾಡುವುದೇ ಬೇಕಾಗಲಿಲ್ಲ. ಆದರೆ ಹಿಂದಿನ ಬೆಟ್ಟ ಇನ್ನೂ ನೀಲಿ. ಆಕಾಶದಲ್ಲಿ ಪಟ್ಟೆ ಪಟ್ಟೆ ಬಂದಿದೆ.

ಹಳೆಲೆನ್ಸ್: ದೂರ ಹೆಚ್ಚಿದಷ್ಟೂ ಪರದೆ ದಪ್ಪ. ಒಂದೇ ಅಳತೆ ಎರಡಕ್ಕೂ ಹೊಂದುವುದಿಲ್ಲ. ಲೇಯರ್ ನಕಲು ಮಾಡಿ, ಹಿಂದಿನ ಬೆಟ್ಟಕ್ಕೆ ಮಾತ್ರ ಮಾಸ್ಕ್ ಹಾಕಿ, ಅಲ್ಲಿ ಕಪ್ಪು ಸ್ಲೈಡರನ್ನು ಇನ್ನಷ್ಟು ಎಳೆಯಿರಿ. ಪಟ್ಟೆಗೆ ಕಾರಣ ಜೆಪೆಗ್‌ನ 8 ಬಿಟ್. ನೀಲಿಯಲ್ಲಿ 180ರಷ್ಟು ಮೆಟ್ಟಿಲುಗಳನ್ನು 256ರ ಜಾಗಕ್ಕೆ ಹಿಗ್ಗಿಸಿದ್ದೀರಿ, ನಡುವೆ ಖಾಲಿ ಬಿದ್ದಿದೆ. ಆಕಾಶದ ಭಾಗವನ್ನು ಮಾಸ್ಕ್‌ನಿಂದ ಮೂಲ ಫೋಟೋಗೇ ಬಿಟ್ಟುಬಿಡಿ.

ಸಂಜೆಬೆಳಕು: ಹಿಂದಿನ ಬೆಟ್ಟದ ನೀಲಿಯನ್ನು ನಾನಾದರೆ ತೆಗೆಯುವುದಿಲ್ಲ. ಅದು ಹೋದರೆ ಎರಡೂ ಬೆಟ್ಟ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ, ಅಲ್ವಾ?

ಮಳೆಬಿಲ್ಲು: ಮಾಸ್ಕ್ ಹಾಕಿ ನೋಡಿದೆ. ಬೆಟ್ಟದ ಅಂಚಿನಲ್ಲಿ ಬಿಳಿ ಗೆರೆ ಬರುತ್ತಿದೆ. ಮಾಸ್ಕನ್ನು ಇನ್ನೂ ಬ್ಲರ್ ಮಾಡಬೇಕೋ, ಬೆಟ್ಟವನ್ನು ನೀಲಿಯಾಗಿಯೇ ಬಿಡಬೇಕೋ, ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.