ಹಳದಿ-ನೀಲಿ ಬಳಿದ ತಟ್ಟೆ ತಿರುಗಿದಾಗ ಹಸಿರೇಕೆ ಕಾಣುವುದಿಲ್ಲ?

ಮಲೆನಾಡ ಮುಂಜಾನೆ:
ಎಲ್ಲರಿಗೂ ನಮಸ್ಕಾರ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ತರಬೇತಿ ಕೇಂದ್ರದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಈ ಪ್ರಶ್ನೆ ಇದೆ: "ರಟ್ಟಿನ ದುಂಡು ತಟ್ಟೆಯೊಂದರ ಅರ್ಧಕ್ಕೆ ಹಳದಿ ಪೇಂಟನ್ನೂ ಉಳಿದರ್ಧಕ್ಕೆ ನೀಲಿ ಪೇಂಟನ್ನೂ ಬಳಿದು ವೇಗವಾಗಿ ತಿರುಗಿಸಿದರೆ ತಟ್ಟೆ ಯಾವ ಬಣ್ಣದ್ದಾಗಿ ಕಾಣುತ್ತದೆ? (ಅ) ಹಸಿರು (ಆ) ಬೂದು (ಇ) ಕಪ್ಪು (ಈ) ನೇರಳೆ." ಕೀ ಉತ್ತರದಲ್ಲಿ "ಬೂದು" ಎಂದಿದೆ. ಅದೇ ಪತ್ರಿಕೆಯಲ್ಲಿ ಮುಂದೆ, ಅದೇ ಎರಡು ಪೇಂಟ್‌ಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ "ಹಸಿರು" ಎಂದಿದೆ.

ಬಣ್ಣದ ಬೆಳಕುಗಳು ಸೇರಿದರೆ ಸಂಕಲನ ಮಿಶ್ರಣ, ವರ್ಣದ್ರವ್ಯಗಳು ಸೇರಿದರೆ ವ್ಯವಕಲನ ಮಿಶ್ರಣ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ತಟ್ಟೆಯ ಪ್ರಶ್ನೆಯಲ್ಲಿ ಬಣ್ಣದ ದೀಪವೇ ಇಲ್ಲ, ಇರುವುದು ಪೇಂಟ್ ಮಾತ್ರ. ಹಾಗಿದ್ದ ಮೇಲೆ ಎರಡಕ್ಕೂ ಬೇರೆ ಬೇರೆ ಉತ್ತರ ಬರುವುದು ಹೇಗೆ?

ಕುಂಚ:
ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಕೀ ಉತ್ತರ ತಪ್ಪಾಗಿದೆ, ನೀವು ಆಕ್ಷೇಪಣೆ ಸಲ್ಲಿಸಬಹುದು. ಕೆಂಪು, ಹಳದಿ, ನೀಲಿ ಇವು ಮೂಲವರ್ಣಗಳು. ಹಳದಿಗೆ ನೀಲಿ ಸೇರಿದರೆ ಹಸಿರು. ಪೇಂಟ್ ಇದ್ದ ಕಡೆ ವ್ಯವಕಲನವೇ ನಡೆಯುತ್ತದೆ. ತಟ್ಟೆ ತಿರುಗುತ್ತದೆಯೋ ನಿಂತಿರುತ್ತದೆಯೋ ಎಂಬುದರಿಂದ ಪೇಂಟಿನ ಗುಣ ಬದಲಾಗುವುದಿಲ್ಲವಲ್ಲ.

ತುಂಗಾತೀರ:
ಇದು ನ್ಯೂಟನ್ ತಟ್ಟೆಯ ಪ್ರಶ್ನೆ. ತಿರುಗಿಸಿದಾಗ ಬಿಳಿ ಕಾಣುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಆಯ್ಕೆಗಳಲ್ಲಿ ಬಿಳಿ ಇಲ್ಲದ ಕಾರಣ ಪ್ರಶ್ನೆಯನ್ನೇ ಕೈಬಿಡಬೇಕು.

ಮಲೆನಾಡ ಮುಂಜಾನೆ:
ತುಂಗಾತೀರ ಅವರೇ, ಇದರಲ್ಲಿ ಏಳು ಬಣ್ಣಗಳಿಲ್ಲ, ಎರಡೇ ಇವೆ. ಆದರೂ ನಿಮ್ಮ ಮಾತಿನಿಂದ ಇನ್ನೊಂದು ಸಂಶಯ ಹುಟ್ಟಿತು. ನ್ಯೂಟನ್ ತಟ್ಟೆಗೂ ಪೇಂಟನ್ನೇ ಬಳಿದಿರುತ್ತಾರೆ. ಆ ಏಳು ಪೇಂಟ್‌ಗಳನ್ನು ಬಟ್ಟಲಿನಲ್ಲಿ ಕಲಸಿದರೆ ಕೆಸರಿನಂಥ ಕಂದು ಬರುತ್ತದೆಯೇ ಹೊರತು ಬಿಳಿ ಬರುವುದಿಲ್ಲ.

ಹಳೆಯ ಪಾಠ:
ನಿಮ್ಮ ಕೊನೆಯ ಮಾತಿನಲ್ಲೇ ಉತ್ತರ ಅಡಗಿದೆ. ಪಿಯು ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದವನಾಗಿ ಹೇಳುವುದಾದರೆ, "ಬೆಳಕಾದರೆ ಸಂಕಲನ, ಪೇಂಟಾದರೆ ವ್ಯವಕಲನ" ಎಂಬ ಸೂತ್ರವೇ ವಿದ್ಯಾರ್ಥಿಗಳನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಕೇಳಿಕೊಳ್ಳಬೇಕಾದದ್ದು ವಸ್ತು ಯಾವುದು ಎಂದಲ್ಲ. ಒಂದೇ ಬೆಳಕಿನ ಕಿರಣ ಎರಡೂ ಬಣ್ಣಗಳನ್ನು ಒಂದರ ನಂತರ ಒಂದಾಗಿ ಹಾದುಬರುತ್ತದೆಯೇ, ಅಥವಾ ಒಂದೊಂದು ಬಣ್ಣವನ್ನು ಮಾತ್ರ ತಾಕಿದ ಬೇರೆ ಬೇರೆ ಕಿರಣಗಳು ಕಣ್ಣಿಗೆ ಬಂದು ಸೇರುತ್ತವೆಯೇ ಎಂದು.

ಅಂಕಿಗಳನ್ನು ಹಾಕಿ ನೋಡೋಣ. ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲುಗಳಾಗಿ ಒರಟಾಗಿ ವಿಂಗಡಿಸಿ. ಹಳದಿ ಪೇಂಟ್ ಕೆಂಪು ಪಾಲಿನ ಶೇ. 90, ಹಸಿರಿನ ಶೇ. 80, ನೀಲಿಯ ಶೇ. 10 ಭಾಗವನ್ನು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ನೀಲಿ ಪೇಂಟ್ ಅದೇ ಕ್ರಮದಲ್ಲಿ 10, 30, 80 ಹಿಂದಿರುಗಿಸಲಿ. ಇವು ಲೆಕ್ಕಕ್ಕಾಗಿ ನಾನು ಆರಿಸಿಕೊಂಡ ಅಂಕಿಗಳು. ಆದರೆ ಹಳದಿ ಪೇಂಟ್ ಕೆಂಪು-ಹಸಿರು ಎರಡನ್ನೂ ಧಾರಾಳವಾಗಿ ಬಿಡುವುದು, ನೀಲಿ ಪೇಂಟ್ ಸ್ವಲ್ಪ ಹಸಿರನ್ನೂ ಬಿಡುವುದು ವಾಸ್ತವದಲ್ಲಿಯೂ ನಿಜ.

ಬಟ್ಟಲಿನಲ್ಲಿ ಕಲಸಿದಾಗ ಪದರದೊಳಗೆ ಹೊಕ್ಕ ಬೆಳಕು ಹೊರಬರುವ ಮುನ್ನ ಹಳದಿ ಕಣಗಳನ್ನೂ ನೀಲಿ ಕಣಗಳನ್ನೂ ದಾಟಬೇಕು. ಒಂದರಿಂದ ಉಳಿದದ್ದು ಮಾತ್ರ ಇನ್ನೊಂದಕ್ಕೆ ಸಿಗುವುದರಿಂದ ಇಲ್ಲಿ ಗುಣಾಕಾರ: ಕೆಂಪು 90ರಲ್ಲಿ ಶೇ. 10 ಎಂದರೆ 9, ಹಸಿರು 80ರಲ್ಲಿ ಶೇ. 30 ಎಂದರೆ 24, ನೀಲಿ 10ರಲ್ಲಿ ಶೇ. 80 ಎಂದರೆ 8. ಉಳಿದವುಗಳಲ್ಲಿ ಹಸಿರೇ ಹೆಚ್ಚು, ಆದರೆ ಒಟ್ಟು ಬೆಳಕು ಬಹಳ ಕಡಿಮೆ. ಆದ್ದರಿಂದ ಗಾಢ ಹಸಿರು ಕಾಣುತ್ತದೆ.

ತಿರುಗುವ ತಟ್ಟೆಯಲ್ಲಿ ಒಂದು ಕಿರಣ ಹಳದಿ ಭಾಗವನ್ನೋ ನೀಲಿ ಭಾಗವನ್ನೋ ತಾಕಿ ನೇರ ಕಣ್ಣಿಗೆ ಬರುತ್ತದೆ. ಎರಡನ್ನೂ ತಾಕುವುದೇ ಇಲ್ಲ. ವೇಗ ಸಾಕಷ್ಟಿದ್ದರೆ ಕಣ್ಣು ಅವನ್ನು ಬಿಡಿಸಿ ನೋಡಲಾರದೆ ಸರಾಸರಿಯನ್ನು ಕಾಣುತ್ತದೆ: ಕೆಂಪು 50, ಹಸಿರು 55, ನೀಲಿ 45. ಮೂರೂ ಹೆಚ್ಚುಕಡಿಮೆ ಸಮ, ಆದರೆ ಬಿಳಿ ಹಾಳೆಯ ಅರ್ಧದಷ್ಟೇ ಪ್ರಕಾಶ. ಅದೇ ಬೂದು. ಇದೇ ಹಳದಿ ಮತ್ತು ನೀಲಿ ಬೆಳಕುಗಳನ್ನು ಎರಡು ದೀಪಗಳಿಂದ ಬಿಳಿ ಪರದೆಯ ಮೇಲೆ ಬಿಟ್ಟಿದ್ದರೆ ಸರಾಸರಿಯ ಬದಲು ಮೊತ್ತ ಬರುತ್ತಿತ್ತು: 100, 110, 90. ಅದು ಬಿಳಿ. ನ್ಯೂಟನ್ ತಟ್ಟೆ ಪ್ರಯೋಗಾಲಯದಲ್ಲಿ ಅಚ್ಚ ಬಿಳಿಯಾಗಿ ಕಾಣದೆ ಮಾಸಲಾಗಿ ಕಾಣುವುದಕ್ಕೂ ಇದೇ ಕಾರಣ.

ಕುಂಚ ಅವರೇ, ಪೇಂಟಿನ ಗುಣ ಬದಲಾಗುವುದಿಲ್ಲ ಎಂಬ ನಿಮ್ಮ ಮಾತು ಸರಿ. ಬದಲಾಗಿರುವುದು ಬೆಳಕಿನ ದಾರಿ. ಈ ಎರಡು ಬಗೆಯ ಮಿಶ್ರಣಗಳು ಬೇರೆ ಬೇರೆ ಎಂದು 1852ರಲ್ಲಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. ಮ್ಯಾಕ್ಸ್‌ವೆಲ್ 1855ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನಡೆಸಿದ್ದು ಇಂಥದೇ ಬಣ್ಣದ ಕಾಗದದ ತಟ್ಟೆಗಳಿಂದ. ಕಾಗದಗಳನ್ನು ಸೀಳಿ ಒಂದರೊಳಗೊಂದು ಸೇರಿಸಿ, ಪ್ರತಿ ಬಣ್ಣದ ಪಾಲನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುತ್ತಿದ್ದರು.

ರಂಗದೀಪ:
ಹವ್ಯಾಸಿ ನಾಟಕ ತಂಡಕ್ಕೆ ಬೆಳಕಿನ ವಿನ್ಯಾಸ ಮಾಡುವವನು ನಾನು. ಮೇಲಿನ ವಿವರಣೆ ಓದಿದಾಗ ನಮ್ಮ ರಂಗದ ಮೇಲಿನ ಒಂದು ಸಂಗತಿ ಸ್ಪಷ್ಟವಾಯಿತು. ಒಂದೇ ದೀಪದ ಮುಂದೆ ಹಳದಿ ಮತ್ತು ನೀಲಿ ಜಿಲೆಟಿನ್ ಹಾಳೆಗಳನ್ನು ಜೋಡಿಸಿಟ್ಟರೆ ಮಂಕು ಹಸಿರು ಬೀಳುತ್ತದೆ. ಅದೇ ಹಾಳೆಗಳನ್ನು ಬೇರೆ ಬೇರೆ ದೀಪಗಳಿಗೆ ಹಾಕಿ ಒಂದೇ ಜಾಗಕ್ಕೆ ಬಿಟ್ಟರೆ ಬಿಳಿಯ ಹತ್ತಿರ ಬರುತ್ತದೆ. ಎರಡೂ ಕಡೆ ಇರುವುದು ಬೆಳಕೇ, ಆದರೆ ಮೊದಲನೆಯದು ವ್ಯವಕಲನ.

ನನ್ನ ತೊಂದರೆ ಬೇರೆ. ಎರಡು ದೀಪಗಳಿಂದ ಬಿಟ್ಟಾಗ ನನಗೆ ಬಿಳಿ ಬರುವುದಿಲ್ಲ, ಹಳದಿ ಮಿಕ್ಕುತ್ತದೆ. ಹಳದಿ ದೀಪವನ್ನು ಡಿಮ್ಮರ್‌ನಲ್ಲಿ ಇಳಿಸಿದರೆ ಕೆಂಪು ಛಾಯೆ ಸೇರಿಕೊಳ್ಳುತ್ತದೆ.

ಹಳೆಯ ಪಾಠ:
ರಂಗದೀಪ ಅವರೇ, ದಟ್ಟ ನೀಲಿ ಹಾಳೆ ಬಹುಪಾಲು ಬೆಳಕನ್ನು ನುಂಗಿಬಿಡುತ್ತದೆ, ಹಳದಿ ಹಾಳೆ ಹೆಚ್ಚಿನದನ್ನು ಬಿಟ್ಟುಬಿಡುತ್ತದೆ; ಆದ್ದರಿಂದ ಎರಡರ ಪ್ರಕಾಶ ಸಮನಾಗುವುದಿಲ್ಲ. ನಿಮ್ಮದು ಹ್ಯಾಲೊಜನ್ ದೀಪವಾಗಿದ್ದರೆ ವಿದ್ಯುತ್ ಇಳಿಸಿದಂತೆ ತಂತಿಯ ತಾಪ ಇಳಿದು ಅದರ ಬೆಳಕೇ ಕೆಂಪಿಗೆ ವಾಲುತ್ತದೆ. ಡಿಮ್ಮರ್ ಮುಟ್ಟದೆ ಹಳದಿ ದೀಪವನ್ನು ದೂರ ಸರಿಸಿ, ಇಲ್ಲವೇ ನೀಲಿಗೆ ಇನ್ನೊಂದು ದೀಪ ಸೇರಿಸಿ.

ಕುಂಚ:
ಬೆಳಕಿನ ದಾರಿಯ ವಿವರಣೆ ಒಪ್ಪಿಗೆಯಾಯಿತು. ಒಂದು ಮಾತ್ರ ಉಳಿಯಿತು. ಹಳದಿ, ನೀಲಿ ಎಂದರೆ ಹಸಿರು ಎಂದು ನಾನೇ ಕಲಿಸುತ್ತೇನೆ, ಆದರೆ ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿದಾಗ ಮಕ್ಕಳಿಗೆ ಕಳೆಗುಂದಿದ ಪಾಚಿ ಬಣ್ಣ ಸಿಗುತ್ತದೆ, ಥ್ಯಾಲೊ ನೀಲಿಯಿಂದ ಮಾತ್ರ ಎಳೆಯ ಬಾಳೆಯೆಲೆಯ ಹಸಿರು ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಇದಕ್ಕೆ ಜಾಗವಿದೆಯೇ?

ಹಳೆಯ ಪಾಠ:
ಖಂಡಿತ ಇದೆ. ಎರಡು ಪೇಂಟ್‌ಗಳೂ ಹಿಂದಿರುಗಿಸುವ ಭಾಗವೇ ಮಿಶ್ರಣದಲ್ಲಿ ಉಳಿಯುವುದು. ಥ್ಯಾಲೊ ನೀಲಿ ಹಸಿರು ಪಾಲನ್ನು ಧಾರಾಳವಾಗಿ ಬಿಡುತ್ತದೆ, ಕೆಂಪನ್ನು ನುಂಗುತ್ತದೆ. ಅಲ್ಟ್ರಾಮರೀನ್ ಹಸಿರನ್ನು ಕಡಿಮೆ ಬಿಟ್ಟು ಸ್ವಲ್ಪ ಕೆಂಪನ್ನೂ ಉಳಿಸುತ್ತದೆ, ಅದಕ್ಕೇ ಅದು ನೇರಳೆಯ ಕಡೆಗೆ ವಾಲಿದಂತೆ ಕಾಣುತ್ತದೆ. ಹಳದಿಯ ಜೊತೆ ಗುಣಿಸಿದಾಗ ಹಸಿರಿನ ಪಕ್ಕದಲ್ಲಿ ಆ ಕೆಂಪೂ ನಿಂತು ಬಣ್ಣವನ್ನು ಮಂಕಾಗಿಸುತ್ತದೆ. ಮುದ್ರಣದಲ್ಲಿ ನೀಲಿ, ಕೆಂಪುಗಳ ಬದಲು ಸಯನ್, ಮೆಜೆಂಟಾ ಬಳಸುವುದಕ್ಕೂ ಇದೇ ಕಾರಣ: ಒಂದೊಂದು ಶಾಯಿಯೂ ಮೂರರಲ್ಲಿ ಒಂದು ಪಾಲನ್ನು ಮಾತ್ರ ನುಂಗಿ ಉಳಿದೆರಡನ್ನು ಬಿಡಬೇಕು. ನನ್ನ ಗುಣಾಕಾರ ಒಂದರ ಮೇಲೊಂದಿಟ್ಟ ಗಾಜಿಗೆ ಚೆನ್ನಾಗಿ ಹೊಂದುತ್ತದೆ. ಪೇಂಟಿನೊಳಗೆ ಬೆಳಕು ಚದುರುವುದರಿಂದ ಅಲ್ಲಿ ಅದು ಅಂದಾಜು ಮಾತ್ರ ಎಂಬುದನ್ನು ನೆನಪಿಡಿ.

ಮಲೆನಾಡ ಮುಂಜಾನೆ:
ಆಟಿಕೆಯ ಸಣ್ಣ ಮೋಟಾರಿಗೆ ತಟ್ಟೆ ಅಂಟಿಸಿ ತಿರುಗಿಸಿ ನೋಡಿದೆ. ಮೂರು ತೊಡಕುಗಳಿವೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಹಳದಿ, ನೀಲಿ ಬೇರೆ ಬೇರೆಯಾಗಿಯೇ ಬರುತ್ತವೆ. ಎಲ್‌ಇಡಿ ಟ್ಯೂಬ್‌ಲೈಟಿನ ಕೆಳಗೆ ಪಟ್ಟೆಗಳು ನಿಧಾನವಾಗಿ ಸರಿದಂತೆ ಕಾಣುತ್ತದೆ. ಅಂಗಳದ ಬಿಸಿಲಿನಲ್ಲಿ ಬಣ್ಣ ಕಲೆತುಹೋಗುತ್ತದೆ, ಆದರೆ ಅದು ಶುದ್ಧ ಬೂದಲ್ಲ, ಹಸಿರು ಛಾಯೆಯ ಬೂದು. ಹಾಗಾದರೆ (ಅ) ಕೂಡ ಅರ್ಧ ಸರಿಯೇ?

ಹಳೆಯ ಪಾಠ:
ಫೋಟೊ ಕಣ್ಣಿನಂತೆ ಸರಾಸರಿ ಮಾಡುವುದಿಲ್ಲ. ಹೆಚ್ಚು ಬೆಳಕಿದ್ದಾಗ ಮೊಬೈಲ್ ಅತಿ ಕಡಿಮೆ ಹೊತ್ತು ಮಾತ್ರ ಬೆಳಕನ್ನು ಒಳಗೆ ಬಿಡುವುದರಿಂದ ತಟ್ಟೆ ನಿಂತಂತೆ ಸೆರೆಯಾಗುತ್ತದೆ. ಕೆಲವು ಎಲ್‌ಇಡಿ ದೀಪಗಳು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಆ ಮಿನುಗು ತಟ್ಟೆಯ ವೇಗಕ್ಕೆ ಹೊಂದಿಕೊಂಡಾಗ ಪಟ್ಟೆಗಳು ಕಾಣುತ್ತವೆ. ಬಿಸಿಲಿನಲ್ಲಿ ನೋಡಿದ್ದನ್ನೇ ನಂಬಿ. ಅಲ್ಲಿಯೂ ಮಿನುಗಿದರೆ ತಟ್ಟೆಯನ್ನು ಎರಡರ ಬದಲು ಎಂಟು ಪಾಲು ಮಾಡಿ ಹಳದಿ, ನೀಲಿಗಳನ್ನು ಒಂದು ಬಿಟ್ಟೊಂದು ಬಳಿಯಿರಿ. ನಾಲ್ಕನೇ ಒಂದರಷ್ಟು ವೇಗವೇ ಸಾಕಾಗುತ್ತದೆ.

ಹಸಿರು ಛಾಯೆಯ ವಿಷಯಕ್ಕೆ ಬಂದರೆ, ನಿಮ್ಮ ನೀಲಿ ಥ್ಯಾಲೊ ಇರಬಹುದು ಎಂದು ನನ್ನ ಊಹೆ. ಅದರ ಅಂಕಿಗಳನ್ನು 5, 50, 70 ಎಂದುಕೊಂಡು ಹಳದಿಯ ಜೊತೆ ಸರಾಸರಿ ಮಾಡಿದರೆ ಸುಮಾರು 48, 65, 40 ಬರುತ್ತದೆ. ಹಸಿರು ಎದ್ದು ಕಾಣುತ್ತದೆ. ಅಲ್ಟ್ರಾಮರೀನ್ ಬಳಿದರೆ ಆ ಛಾಯೆ ಹೋಗಬೇಕು. ಆಗ ಹಳದಿ ಮಿಕ್ಕಿದರೆ ನೀಲಿಯ ಪಾಲನ್ನು ಹಿಗ್ಗಿಸಿ. ಒಂದು ಗುರುತು ಮಾತ್ರ ತಪ್ಪದು: ಅವೇ ಪೇಂಟ್‌ಗಳನ್ನು ಕಲಸಿ ಪಕ್ಕದ ಹಾಳೆಗೆ ಬಳಿದು ನೋಡಿದರೆ, ತಿರುಗುವ ತಟ್ಟೆ ಅದಕ್ಕಿಂತ ಬಹಳ ತಿಳಿಯಾಗಿ ಕಾಣುತ್ತದೆ. ಸರಾಸರಿಗೂ ಗುಣಾಕಾರಕ್ಕೂ ಇರುವ ಅಂತರ ಅದು.

ಪರೀಕ್ಷೆಯಲ್ಲಿ "ಬೂದು" ಎಂದೇ ಬರೆಯಿರಿ. ಆದರೆ ಯಾವ ನೀಲಿ ಎಂದು ಪ್ರಶ್ನೆ ಹೇಳದಿರುವುದು ಕೊರತೆಯೇ ಎಂದು ನನ್ನ ಅಭಿಪ್ರಾಯ.

ಕುಂಚ:
ಕೊರತೆ ಎಂದ ಮೇಲೆ ಆಕ್ಷೇಪಣೆಗೂ ಜಾಗವಿದೆ ಎಂದೇ ನಾನು ಹೇಳುತ್ತೇನೆ. ಹಸಿರು ಛಾಯೆಯನ್ನು ಕಣ್ಣಾರೆ ಕಂಡ ಅಭ್ಯರ್ಥಿಗೆ ಅಂಕ ಕಳೆಯುವುದು ನ್ಯಾಯವಲ್ಲ.

ಅಚ್ಚುಮನೆ:
ನಾನು ಆಫ್‌ಸೆಟ್ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತೇನೆ. ಭೂತಗನ್ನಡಿ ಇಟ್ಟು ನೋಡಿದರೆ ನಮ್ಮ ಮುದ್ರಣದ ಹಸಿರಿನಲ್ಲಿ ಕೆಲವು ಕಡೆ ಸಯನ್ ಚುಕ್ಕೆಯ ಮೇಲೆ ಹಳದಿ ಚುಕ್ಕೆ ಕೂತಿರುತ್ತದೆ, ಕೆಲವು ಕಡೆ ಎರಡೂ ಅಕ್ಕಪಕ್ಕ ಇರುತ್ತವೆ. ಹಾಳೆಗಳು ಸ್ವಲ್ಪ ಸರಿದು ಚುಕ್ಕೆಗಳ ಜೋಡಣೆ ಬದಲಾದರೆ ಬಣ್ಣದ ಛಾಯೆಯೂ ಬದಲಾಗುತ್ತದೆ. ನಿಮ್ಮ ಮಾತಿನಂತೆ ಒಂದರ ಮೇಲೊಂದು ಕೂತ ಕಡೆ ಗುಣಾಕಾರ, ಅಕ್ಕಪಕ್ಕ ಇರುವ ಕಡೆ ಸರಾಸರಿ ಎಂದಾಗಬೇಕು. ಆದರೆ ಕಾಗದದೊಳಗೆ ಹೊಕ್ಕ ಬೆಳಕು ಒಂದು ಚುಕ್ಕೆಯ ಅಡಿಯಿಂದ ಪಕ್ಕದ ಚುಕ್ಕೆಯ ಮೂಲಕ ಹೊರಬರುತ್ತದೆಯಲ್ಲ, ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಹಳೆಯ ಪಾಠ:
ಹಾಗೆ ಹೊರಬಂದ ಕಿರಣ ಎರಡೂ ಶಾಯಿಗಳನ್ನು ದಾಟಿರುವುದರಿಂದ ಅದು ಗುಣಾಕಾರದ ಲೆಕ್ಕಕ್ಕೇ ಸೇರುತ್ತದೆ. ಚುಕ್ಕೆಗಳು ಲೆಕ್ಕಕ್ಕಿಂತ ದೊಡ್ಡದಾಗಿ, ಗಾಢವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಆದರೆ ಎಷ್ಟು ಪಾಲು ಹಾಗೆ ಹೊರಬರುತ್ತದೆ ಎಂಬುದು ನಿಮ್ಮ ಕಾಗದವನ್ನೂ ಚುಕ್ಕೆಯ ಗಾತ್ರವನ್ನೂ ಅವಲಂಬಿಸಿರುವುದರಿಂದ ಅಳೆಯದೆ ಹೇಳಲಾಗದು. ನುಣುಪು ಲೇಪದ ಕಾಗದದ ಮೇಲೆ ಮತ್ತು ಸಾದಾ ಕಾಗದದ ಮೇಲೆ ಒಂದೇ ಪ್ಲೇಟಿನಿಂದ ಮುದ್ರಿಸಿದ ಹಾಳೆಗಳಿದ್ದರೆ, ಎರಡರ ಹಸಿರನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ಏನು ಕಂಡಿತೆಂದು ಇಲ್ಲಿ ಬರೆಯಿರಿ.