ಪುನರ್ವಿನಿಯೋಗದ ಟಿಪ್ಪಣಿ ವಾಪಸ್ ಬಂದಿದೆ. ನೀವೆಲ್ಲ ಏನಂತ ಬರೆದಿದ್ರಿ?

ಕೇಳಿದವರು: ಕೇಸ್ ವರ್ಕರ್, ಜಿಲ್ಲಾ ಕಚೇರಿ
195 ಸಾರಿಗೆ ವೆಚ್ಚದಲ್ಲಿ ದುಡ್ಡು ಸಾಲುತ್ತಿಲ್ಲ. 041 ಪ್ರಯಾಣ ವೆಚ್ಚದಲ್ಲಿ ಉಳಿದಿದೆ. "ವಾಸ್ತವಿಕ ಅಗತ್ಯಕ್ಕೆ ಅನುಗುಣವಾಗಿ" ಎಂದು ಕಾರಣ ಬರೆದು ಪ್ರಸ್ತಾವನೆ ಕಳಿಸಿದ್ದೆ. "ಸಮರ್ಥನೆ ಸಾಲದು" ಎಂದು ಕಡತ ಹಿಂದಿರುಗಿದೆ. ಡಿಸೆಂಬರ್ ಶುರುವಾಗಿದೆ. ನೀವು ಟಿಪ್ಪಣಿಯಲ್ಲಿ ಏನು ಬರೆದಿದ್ರಿ, ದಯವಿಟ್ಟು ಹೇಳಿ.

ನಿವೃತ್ತ ಅಧೀಕ್ಷಕ, ಲೆಕ್ಕ ಶಾಖೆ
ಆ ವಾಕ್ಯವನ್ನು ನಾನೂ ವರ್ಷಗಟ್ಟಲೆ ಬರೆದಿದ್ದೇನೆ. ಅಗತ್ಯ ಇದ್ದದ್ದಕ್ಕೇ ಕೇಳ್ತೀರಿ, ಅದರಲ್ಲಿ ಕಾರಣ ಎಲ್ಲಿದೆ? ವಿನಿಯೋಗ ಲೆಕ್ಕ ಪರಿಶೀಲಿಸುವಾಗ ಮಹಾಲೇಖಪಾಲರ ಕಚೇರಿಯವರು ಮೊದಲು ಹುಡುಕುವುದೇ ಇಂಥ ವಾಕ್ಯಗಳನ್ನು.

ನನ್ನ ಕೇಸ್ ಹೇಳ್ತೀನಿ, ನಿಮ್ಮದೇ ಎರಡು ಬಾಬು. 195ರಲ್ಲಿ ನಮಗೆ ಇದ್ದದ್ದು 4,80,000. ನವೆಂಬರ್ ಕೊನೆಗೆ 4,00,000 ಖರ್ಚಾಗಿತ್ತು. ನಾನು ಎಂಟು ತಿಂಗಳಿಗೆ ಭಾಗಿಸಿದೆ, ತಿಂಗಳಿಗೆ 50,000 ಬಂತು. ಇನ್ನು ನಾಲ್ಕು ತಿಂಗಳಿಗೆ 2,00,000 ಬೇಕು, ಕೈಯಲ್ಲಿ 80,000 ಇದೆ, ಕೊರತೆ 1,20,000. ಲೆಕ್ಕ ಚೊಕ್ಕವಾಗಿ ಕಾಣ್ತು. ಕಳಿಸಿದೆ.

ಕಡತ ವಾಪಸ್ ಬಂತು. 50,000 ಎಂಬ ಅಂಕಿಯ ಕೆಳಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ, ಪಕ್ಕದಲ್ಲಿ "ಯಾವ ತಿಂಗಳು?" ಎಂದು ಎರಡೇ ಪದ. ಖರ್ಚಿನ ರಿಜಿಸ್ಟರ್ ತೆಗೆದು ನೋಡಿದೆ. ನಿಜ, ಯಾವ ತಿಂಗಳಲ್ಲೂ 50,000 ಖರ್ಚಾಗಿರಲೇ ಇಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಒಂದೇ ಬಾಡಿಗೆ ವಾಹನ, ತಿಂಗಳಿಗೆ 35,000. ಜುಲೈನಲ್ಲಿ ಎರಡನೇ ವಾಹನಕ್ಕೆ ಮಂಜೂರಾತಿ ಆದೇಶ ಬಂತು. ಆಗಸ್ಟ್‌ನಿಂದ ತಿಂಗಳಿಗೆ 65,000. ಅಂದರೆ ಉಳಿದ ನಾಲ್ಕು ತಿಂಗಳಿಗೆ ಬೇಕಾಗಿದ್ದು 2,60,000. ನಿಜವಾದ ಕೊರತೆ 1,80,000. ನಾನು 60,000 ಕಡಿಮೆ ಕೇಳಿದ್ದೆ! ಅದೇ ಮಂಜೂರಾಗಿದ್ದರೆ ಮಾರ್ಚ್‌ನಲ್ಲಿ ಮತ್ತೆ ಕೈ ಚಾಚಬೇಕಿತ್ತು.

ಎರಡನೇ ಸಲ ಟಿಪ್ಪಣಿಯಲ್ಲಿ ಸರಾಸರಿ ಎಂಬ ಪದವನ್ನೇ ತೆಗೆದೆ. ತಿಂಗಳುವಾರು ಖರ್ಚು ಬರೆದೆ. ಎರಡನೇ ವಾಹನದ ಆದೇಶದ ಸಂಖ್ಯೆ, ದಿನಾಂಕ ಹಾಕಿದೆ. ಬಜೆಟ್ ಅಂದಾಜು ಕಳಿಸಿದ್ದು ಹಿಂದಿನ ವರ್ಷ, ಆದೇಶ ಬಂದಿದ್ದು ಈ ಜುಲೈನಲ್ಲಿ, ಆದ್ದರಿಂದ ಮೊದಲೇ ಕೇಳಲು ಆಗಲಿಲ್ಲ ಎಂದು ಬರೆದೆ. ಮೇಲಿನವರು ನಿಜವಾಗಿ ಕೇಳುವುದು ಈ ಒಂದೇ ಪ್ರಶ್ನೆ: "ಮೊದಲೇ ಯಾಕೆ ಗೊತ್ತಾಗಲಿಲ್ಲ?" ಅದಕ್ಕೆ ಉತ್ತರ ಕೊಟ್ಟ ಮೇಲೆ ಕಡತ ಮತ್ತೆ ವಾಪಸ್ ಬರಲಿಲ್ಲ.

ತಾಲ್ಲೂಕು ಕಚೇರಿ, ಎಫ್‌ಡಿಎ
ಸರ್ ಕೊರತೆ ಕಡೆಯದ್ದು ಮಾತ್ರ ಹೇಳಿದ್ರು. ನನಗೆ ಪೆಟ್ಟು ಬಿದ್ದಿದ್ದು ಉಳಿತಾಯದ ಕಡೆಯಿಂದ. ಮೂರು ವರ್ಷ ಆಯ್ತು, ಈಗಲೂ ಆ ಆಡಿಟ್ ಪ್ಯಾರಾಕ್ಕೆ ಉತ್ತರ ಬರೀತಾ ಇದ್ದೀನಿ.

ನಮ್ಮದೂ 041. ಅನುದಾನ 3,00,000, ನವೆಂಬರ್‌ವರೆಗೆ ಖರ್ಚು 90,000. ಎರಡು ಕ್ಷೇತ್ರ ಹುದ್ದೆ ಜೂನ್‌ನಿಂದ ಖಾಲಿ. 2,10,000 ಪೂರ್ತಿ ಉಳಿಯುತ್ತೆ ಅಂತ ಸಾಹೇಬರು ಹೇಳಿದ್ರು. "ಮುಂದಿನ ನಾಲ್ಕು ತಿಂಗಳಿಗೆ ಸ್ವಲ್ಪ ಇಟ್ಕೊಳ್ಳೋಣ ಸರ್" ಎಂದೆ. "ಟಿಎ ಯಾರಮ್ಮಾ ಕೇಳ್ತಾರೆ ಈಗ" ಎಂದ್ರು. ನಾನೇ ಟಿಪ್ಪಣಿ ಮಂಡಿಸಿದೆ, ಪೂರ್ತಿ ಹಣ ಬೇರೆ ಬಾಬಿಗೆ ಹೋಯ್ತು.

ಫೆಬ್ರವರಿಯಲ್ಲಿ ಬೀರು ತೆಗೆದಾಗ ಒಂದು ಕಟ್ಟು ಸಿಕ್ತು. ವರ್ಗವಾಗಿ ಹೋದ ಇಬ್ಬರ ಟಿಎ ಬಿಲ್, ಒಟ್ಟು 30,000. ಹಿಂದಿನ ಕೇಸ್ ವರ್ಕರ್ ಆಕ್ಷೇಪಣೆ ಚೀಟಿ ಅಂಟಿಸಿ ಹಾಗೇ ಇಟ್ಟಿದ್ರು. ಆ ಮೇಲೆ ಖಾಲಿ ಹುದ್ದೆಗೆ ಪ್ರಭಾರ ಕೊಟ್ಟ ಅಧಿಕಾರಿ ಓಡಾಡಿದ ಬಿಲ್‌ಗಳು, ಸುಮಾರು 45,000. ಎರಡೂ ಸೇರಿ 75,000. ಬಾಬಿನಲ್ಲಿ ಒಂದು ಪೈಸೆ ಇಲ್ಲ. "ಉಳಿತಾಯ ಇದೆ" ಎಂದು ನಾವೇ ಬರೆದುಕೊಟ್ಟ ಬಾಬಿಗೆ ನಾವೇ ಹೆಚ್ಚುವರಿ ಅನುದಾನ ಕೇಳಬೇಕಾಯ್ತು. ಆಡಿಟ್‌ನವರು ಸುಮ್ನೆ ಬಿಡ್ತಾರಾ? ಟಿಪ್ಪಣಿಯಲ್ಲಿ ನನ್ನ ಸಹಿ ಇತ್ತು. ಸಾಹೇಬರು ಬಾಯಲ್ಲಿ ಹೇಳಿದ್ದು ಎಲ್ಲೂ ಇರಲಿಲ್ಲ.

ಬೀರು, ಮೇಜು, ಖಜಾನೆಯ ಆಕ್ಷೇಪಣೆ, ಎಲ್ಲ ನೋಡಿ. ಪಾವತಿಯಾಗದ ಬಿಲ್ ಎಷ್ಟು ಅಂತ ಟಿಪ್ಪಣಿಯಲ್ಲೇ ಬರೆಯಿರಿ. ಹಾಗೆ ಬರೆದಿದ್ರೆ ನಮ್ಮ ಉಳಿತಾಯ 2,10,000 ಅಲ್ಲ, 1,35,000.

ಹಿರಿಯ ಸಹಾಯಕ, ಬೇರೆ ಇಲಾಖೆ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ. ಎರಡೂ ಬಾಬು ಒಂದೇ ಲೆಕ್ಕ ಶೀರ್ಷಿಕೆ ಕೆಳಗೆ ಇದ್ರೆ ಡಿಡಿಓ ಹಂತದಲ್ಲೇ ಮಾಡಬಹುದು. ನಾವು ಮಾಡಿದ್ದೇವೆ. ಇನ್ನೊಂದು, ಮಾರ್ಚ್ ತಿಂಗಳ ಬಾಡಿಗೆ ಬಿಲ್ ಪಾವತಿ ಆಗೋದು ಏಪ್ರಿಲ್‌ನಲ್ಲಿ. ಹಾಗಾಗಿ ನಾಲ್ಕು ತಿಂಗಳಿಗೆ ಕೇಳಬೇಡಿ, ಮೂರು ತಿಂಗಳಿಗೆ ಸಾಕು. ಅಧೀಕ್ಷಕರು ಜಾಸ್ತಿ ಕೇಳಿದ್ದಾರೆ.

ನಿವೃತ್ತ ಅಧೀಕ್ಷಕ, ಲೆಕ್ಕ ಶಾಖೆ
ಜಾಸ್ತಿ ಕೇಳಿಲ್ಲ. ಈ ಮಾರ್ಚ್ ಬಿಲ್ ಮುಂದಿನ ಏಪ್ರಿಲ್‌ಗೆ ಹೋದರೆ ಹಿಂದಿನ ಮಾರ್ಚ್ ಬಿಲ್ ಈ ಏಪ್ರಿಲ್‌ನಲ್ಲಿ ಪಾವತಿ ಆಗಿರುತ್ತೆ ಅಲ್ವಾ? ವರ್ಷಕ್ಕೆ ಪಾವತಿ ಹನ್ನೆರಡೇ. ನವೆಂಬರ್ ಕೊನೆಗೆ ಎಂಟು ಮುಗಿದಿದ್ದರೆ ಉಳಿದಿದ್ದು ನಾಲ್ಕು. ನಾನು ಹೇಳಿದ್ದೆಲ್ಲ ಪಾವತಿಯ ಲೆಕ್ಕ. ಒಂದು ತಿಂಗಳನ್ನು ಬಿಟ್ಟು ಕೇಳಿದರೆ ಮಾರ್ಚ್‌ನಲ್ಲಿ ವಾಹನದ ಮಾಲೀಕ ಬಾಗಿಲಲ್ಲಿ ನಿಂತಿರ್ತಾನೆ.

ಡಿಡಿಓ ಹಂತದಲ್ಲಿ ಮಾಡಿದ್ದೇವೆ ಅಂದ್ರಲ್ಲ, ಆದೇಶಕ್ಕೆ ಸಹಿ ಯಾರದ್ದು? ಡಿಡಿಓಗೆ ಬರುವುದು ಹಂಚಿಕೆಯಾದ ಹಣ. ಅದನ್ನು ಖರ್ಚು ಮಾಡುವ ಅಧಿಕಾರ ಇದೆ, ಬಾಬು ಬದಲಿಸುವ ಅಧಿಕಾರ ಬೇರೆ. ಅದು ಪ್ರತ್ಯಾಯೋಜನೆಯಾದ ಮಿತಿಯೊಳಗೆ ಮೇಲಿನವರದ್ದು, ಮಿತಿ ದಾಟಿದರೆ ಆರ್ಥಿಕ ಇಲಾಖೆಯದ್ದು.

ಹಿರಿಯ ಸಹಾಯಕ, ಬೇರೆ ಇಲಾಖೆ
ನಮ್ಮಲ್ಲಿ ಹಣ ಬಂತು, ಖರ್ಚೂ ಆಯ್ತು. ಯಾರೂ ಆಕ್ಷೇಪ ಎತ್ತಿಲ್ಲ. ನೀವು ನಿವೃತ್ತರಾಗಿ ಎಷ್ಟು ವರ್ಷ ಆಯ್ತು ಸರ್? ಈಗ ಎಲ್ಲ ಆನ್‌ಲೈನ್.

ನಿವೃತ್ತ ಅಧೀಕ್ಷಕ, ಲೆಕ್ಕ ಶಾಖೆ
ಆನ್‌ಲೈನ್ ಆಗಿದ್ದು ಖಜಾನೆ. ಅಧಿಕಾರ ಯಾರದ್ದು ಎಂಬುದು ಬದಲಾಗಿಲ್ಲ. ನಿಮ್ಮ ಹಣ ಬಂದಿದ್ದು ಬಹುಶಃ ಮರುಹಂಚಿಕೆಯಿಂದ. ಒಂದು ಜಿಲ್ಲೆಯ 195ರಲ್ಲಿ ಉಳಿದದ್ದನ್ನು ಇನ್ನೊಂದು ಜಿಲ್ಲೆಯ 195ಕ್ಕೆ ಕೊಡುವುದು ಪುನರ್ವಿನಿಯೋಗವೇ ಅಲ್ಲ. ಬಾಬು ಬದಲಾಗಲ್ಲ, ಕಚೇರಿ ಮಾತ್ರ ಬದಲಾಗುತ್ತೆ. ಇಲಾಖಾ ಮುಖ್ಯಸ್ಥರೇ ಮಾಡ್ತಾರೆ.

ಪ್ರಯೋಗಾಲಯ ಸಹಾಯಕ
ನಮ್ಮ ಗೋಳು ಕೇಳಿ. ಒಂದು ಉಪಕರಣ ಕೊಳ್ಳಬೇಕಿತ್ತು, ಅದು ಬಂಡವಾಳ ಲೆಕ್ಕ. ಉಳಿತಾಯ ಇದ್ದದ್ದು ರಾಜಸ್ವ ಲೆಕ್ಕದ ಸಾಮಾನ್ಯ ವೆಚ್ಚದಲ್ಲಿ. ಒಂದೇ ಇಲಾಖೆ, ಒಂದೇ ಬೇಡಿಕೆ ಸಂಖ್ಯೆ, ಆಗುತ್ತೆ ಎಂದುಕೊಂಡೆವು. ಸಮರ್ಥನೆ ಮೂರು ಪುಟ ಬರೆದೆ. ಆ ಉಪಕರಣ ಇಲ್ಲದೆ ಎಷ್ಟು ಮಾದರಿ ಪರೀಕ್ಷೆ ನಿಂತಿದೆ, ಹೊರಗೆ ಮಾಡಿಸಿದರೆ ಎಷ್ಟು ಖರ್ಚು, ಎಲ್ಲ ಬರೆದೆ. ನನ್ನ ಸೇವೆಯಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಟಿಪ್ಪಣಿ ಬರೆದಿಲ್ಲ. ಎರಡು ತಿಂಗಳು ಕಡತ ಅಲೆಯಿತು. ಕೊನೆಗೆ "ರಾಜಸ್ವದಿಂದ ಬಂಡವಾಳಕ್ಕೆ ಅವಕಾಶವಿಲ್ಲ" ಎಂದು ಒಂದೇ ಸಾಲು. ಅಷ್ಟರಲ್ಲಿ ಪೂರಕ ಅಂದಾಜಿಗೆ ಕೇಳುವ ದಿನಾಂಕವೂ ದಾಟಿತ್ತು. ಮೊದಲ ದಿನವೇ ಪೂರಕ ಅಂದಾಜಿಗೆ ಹಾಕಿದ್ದರೆ ಸಿಗುತ್ತಿತ್ತು. ಅದು ಈಗಲೂ ಹೊಟ್ಟೆ ಉರಿಸುತ್ತೆ.

ಹೊಸಬ, ಎಸ್‌ಡಿಎ
ನಮ್ಮಲ್ಲಿ 422ರಲ್ಲಿ ತುಂಬಾ ಉಳಿದಿದೆ. ಅದರಿಂದ ತಗೊಂಡ್ರೆ ಆಗಲ್ವಾ?

ತಾಲ್ಲೂಕು ಕಚೇರಿ, ಎಫ್‌ಡಿಎ
ಇಲ್ಲ! ಅದು ಪರಿಶಿಷ್ಟ ಜಾತಿ ಉಪಯೋಜನೆಯ ಹಣ. ಅದಕ್ಕೆ 2013ರ ಕಾಯ್ದೆಯೇ ಇದೆ. ಕಚೇರಿ ಕಾರಿನ ಬಾಡಿಗೆಗೆ ಆ ಹಣ ಕೇಳೋ ಟಿಪ್ಪಣಿಗೆ ನಿಮ್ಮ ಸಹಿ ಹಾಕ್ಬೇಡಿ ತಮ್ಮಾ. ಉಳಿದಿದೆ ಅಂದ್ರೆ ಯಾರಿಗೋ ಸಿಗಬೇಕಾದ್ದು ಸಿಕ್ಕಿಲ್ಲ ಅಂತ. ಅದು ಯಾಕೆ ಅಂತ ನೋಡಿ ಮೊದಲು.

ಹೊಸಬ, ಎಸ್‌ಡಿಎ
ಗೊತ್ತಿರಲಿಲ್ಲ ಮೇಡಂ. ಕೇಳಿದೆ ಅಷ್ಟೇ.

ಹಿರಿಯ ಸಹಾಯಕ, ಬೇರೆ ಇಲಾಖೆ
ಹೊಸಬರಿಗೆ ಹೀಗೆ ಗದರಿಸಿದ್ರೆ ಇನ್ನು ಯಾರು ಕೇಳ್ತಾರೆ? ಇಲ್ಲಿ ಎಲ್ಲರೂ ಆಡಿಟರ್‌ಗಳೇ.

ತಾಲ್ಲೂಕು ಕಚೇರಿ, ಎಫ್‌ಡಿಎ
ಪ್ಯಾರಾಕ್ಕೆ ಮೂರು ವರ್ಷ ಉತ್ತರ ಬರೆದು ನೋಡಿ ಸರ್, ಆಮೇಲೆ ಮಾತಾಡೋಣ.

ಕೇಳಿದವರು: ಕೇಸ್ ವರ್ಕರ್, ಜಿಲ್ಲಾ ಕಚೇರಿ
ನಮ್ಮಲ್ಲೂ ಬೀರು ತೆಗೆದೆ. ಆಕ್ಷೇಪಣೆಯಾದ ಟಿಎ ಬಿಲ್ ನಾಲ್ಕು ಸಿಕ್ಕಿವೆ. ಅದನ್ನು ಕಳೆದರೆ 041ರ ಉಳಿತಾಯದಲ್ಲಿ ಪೂರ್ತಿ ಕೊರತೆ ತುಂಬಲ್ಲ. ಉಳಿದಿದ್ದಕ್ಕೆ ಏನು ಮಾಡಲಿ? ಮಾರ್ಚ್ ಬಿಲ್ ಕೊಟ್ಟ ಮೇಲೆ ಏಪ್ರಿಲ್‌ನಲ್ಲಿ ಸ್ಥಿರೀಕರಣ ತಗೊಳ್ಳೋಣ ಎಂದು ನಮ್ಮ ಮ್ಯಾನೇಜರ್ ಹೇಳ್ತಿದ್ದಾರೆ.

ನಿವೃತ್ತ ಅಧೀಕ್ಷಕ, ಲೆಕ್ಕ ಶಾಖೆ
ಏಪ್ರಿಲ್‌ನಲ್ಲಿ ಏನೂ ಸಿಗಲ್ಲ. ಮಾರ್ಚ್ 31 ಮುಗಿದ ಮೇಲೆ ಆ ವರ್ಷದ ಅನುದಾನವೇ ಇಲ್ಲ, ಇಲ್ಲದ್ದನ್ನು ಬದಲಿಸುವುದು ಹೇಗೆ? ಆದೇಶ ವರ್ಷದೊಳಗೇ ಆಗಬೇಕು.

ನನಗೂ ಇದೇ ಆಗಿತ್ತು. ಕೊರತೆ 1,80,000. ಆ ಬಾಬಿನಲ್ಲಿ ಸಿಕ್ಕಿದ್ದು 1,35,000. 45,000 ಬಾಕಿ. ಅದಕ್ಕೆ ಇನ್ನೊಂದು ಬಾಬು ಹುಡುಕಲಿಲ್ಲ. ಪಕ್ಕದ ಜಿಲ್ಲೆಯಲ್ಲಿ ವಾಹನ ತಿಂಗಳುಗಟ್ಟಲೆ ಇರಲಿಲ್ಲ ಎಂದು ಗೊತ್ತಿತ್ತು. ಅಲ್ಲಿನ ಕೇಸ್ ವರ್ಕರ್‌ಗೆ ಫೋನ್ ಮಾಡಿ ಅವರ 195ರ ಉಳಿಕೆ ಕೇಳಿದೆ. ಬಿಟ್ಟುಕೊಡಲು ಒಪ್ಪಿ ಅವರು ಪತ್ರ ಬರೆದರು, ಮುಖ್ಯ ಕಚೇರಿ ಮರುಹಂಚಿಕೆ ಮಾಡಿತು. ಟಿಪ್ಪಣಿಯಲ್ಲಿ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆದೆ. ನೀವೂ ಈ ವಾರವೇ ಫೋನ್ ಮಾಡಿ. ಜನವರಿ ಹೊತ್ತಿಗೆ ಎಲ್ಲರೂ ಉಳಿಕೆ ಒಪ್ಪಿಸಿಬಿಡ್ತಾರೆ.

ಹಿರಿಯ ಸಹಾಯಕ, ಬೇರೆ ಇಲಾಖೆ
ಆದೇಶದ ಪ್ರತಿ ತೆಗೆದು ನೋಡಿದೆ. ಸಹಿ ಆಯುಕ್ತರದ್ದು. ಶೀರ್ಷಿಕೆಯಲ್ಲಿ "ಮರುಹಂಚಿಕೆ" ಅಂತಲೇ ಇದೆ. ಆದರೆ ನಮ್ಮಲ್ಲಿ ಎಲ್ಲರೂ ಅದನ್ನು ಪುನರ್ವಿನಿಯೋಗ ಅಂತಲೇ ಕರೀತಾರೆ, ನಾನೊಬ್ಬನೇ ಅಲ್ಲ.

ಪ್ರಯೋಗಾಲಯ ಸಹಾಯಕ
ಪೂರಕ ಅಂದಾಜಿಗೆ ಈ ಸಲ ಯಾವ ದಿನಾಂಕದೊಳಗೆ ಕಳಿಸಬೇಕು, ಯಾರಿಗಾದ್ರೂ ಸುತ್ತೋಲೆ ಬಂದಿದೆಯಾ? ಆ ಉಪಕರಣ ಇನ್ನೂ ಬಂದಿಲ್ಲ.