ಸಹಾಯ ಬೇಕು: ದಿನಕ್ಕೊಂದು ವಿಡಿಯೊ ಹಾಕುವ ಚಾನೆಲ್‌ಗೆ ವಿವರಗಳ ಅಚ್ಚು

ಎಲ್ಲರಿಗೂ ನಮಸ್ಕಾರ. ಯೂಟ್ಯೂಬ್‌ನಲ್ಲಿ ದಿನಕ್ಕೊಂದು ಗಣಿತ ಪಾಠ ಹಾಕುತ್ತೇನೆ. ಹಿಂದಿನ ದಿನದ ವಿವರಣೆಯನ್ನೇ ನಕಲು ಮಾಡಿ ತಿದ್ದುವುದು ನನ್ನ ರೂಢಿ. ಮೊನ್ನೆ ಭಿನ್ನರಾಶಿಯ ಪಾಠದ ಕೆಳಗೆ ಹಿಂದಿನ ದಿನದ ದಶಮಾಂಶದ ಅಧ್ಯಾಯಗಳು ಹಾಗೆಯೇ ಉಳಿದುಬಿಟ್ಟವು. ನೋಡುವ ಮಕ್ಕಳಿಗೆ ದಾರಿ ತಪ್ಪಿತಲ್ಲ ಎಂದು ಬಹಳ ಬೇಸರವಾಯಿತು.

ಹಾಗಾಗಿ ಹಳೆಯದನ್ನು ತಿದ್ದುವುದನ್ನು ಬಿಟ್ಟು, ಖಾಲಿ ಅಚ್ಚಿನಿಂದಲೇ ಶುರುಮಾಡಬೇಕೆಂದಿದ್ದೇನೆ:

```
[[ವಿಷಯ]] | ಪಾಠ [[ಸಂಖ್ಯೆ]]

[[ಇಂದು ಕಲಿಯುವುದು: ಎರಡು ಸಾಲು]]

00:00 [[ಭಾಗ 1]]
[[ಸಮಯ]] [[ಭಾಗ 2]]
[[ಸಮಯ]] [[ಭಾಗ 3]]
```

ಪ್ಲೇಲಿಸ್ಟ್ ಕೊಂಡಿಯಂತಹ ಬದಲಾಗದ ಸಾಲುಗಳು ಇದರ ಕೆಳಗೆ ಬರುತ್ತವೆ. ವಿವರಣೆಯ ಮೊದಲ ಸಾಲುಗಳಷ್ಟೇ ತೆರೆಯದೆ ಕಾಣುವುದರಿಂದ ಅಲ್ಲಿ ಆ ದಿನದ ವಿಷಯವೇ ಇರಬೇಕು. ಅಧ್ಯಾಯಗಳು ಕಾಣಿಸಬೇಕಾದರೆ ಪಟ್ಟಿ 00:00 ಇಂದ ಆರಂಭವಾಗಿ, ಕನಿಷ್ಠ ಮೂರು ಸಮಯಗಳಿದ್ದು, ಪ್ರತಿ ಭಾಗವೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಶೀರ್ಷಿಕೆಯ ಮಿತಿ 100 ಅಕ್ಷರ; ಆದ್ದರಿಂದ ವಿಷಯವನ್ನು ಮುಂದಿಟ್ಟು ಪಾಠದ ಸಂಖ್ಯೆಯನ್ನು ಕೊನೆಗೆ ಹಾಕಿದ್ದೇನೆ.

ಇದನ್ನು ಅಪ್‌ಲೋಡ್ ಡೀಫಾಲ್ಟ್‌ನಲ್ಲಿ ಇಟ್ಟರೆ ತಾನಾಗಿಯೇ ತುಂಬಿಕೊಳ್ಳುತ್ತದೆ, ಆದರೆ `[[` ಉಳಿದೇ ಪ್ರಕಟವಾಗುವ ಭಯ. ಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ದಿನಕ್ಕೊಂದು ಸಾಲು ತುಂಬಿ, ಖಾಲಿ ಕೋಶವಿದ್ದರೆ ಎಚ್ಚರಿಸುವಂತೆ ಮಾಡಿಕೊಂಡವರು ಯಾರಾದರೂ ಇದ್ದೀರಾ? ಸೂತ್ರವನ್ನು ಹೇಗೆ ಬರೆದಿರಿ, ದಯವಿಟ್ಟು ತಿಳಿಸಿ.